ಒಂದೇ ಜೀವಿಯೆಂದು ನಂಬಿದ್ದು ಎರಡಾಗಿತ್ತು

ಪ್ರಶ್ನೆ: ಹುದುಗಿಸುವ ಬ್ಯಾಕ್ಟೀರಿಯಾ, ಮೀಥೇನ್ ತಯಾರಿಸುವ ಸೂಕ್ಷ್ಮಜೀವಿ ಎರಡೂ ಒಂದನ್ನೊಂದು ಬಿಟ್ಟು ಬದುಕಲಾರವಂತೆ, ಏಕೆ?

ಉತ್ತರ: ಕಾರಣ ಹೈಡ್ರೋಜನ್. ಈ ಬ್ಯಾಕ್ಟೀರಿಯಾ ಎಥನಾಲನ್ನು ಅಸಿಟೇಟ್ ಮತ್ತು ಹೈಡ್ರೋಜನ್ ಆಗಿ ಒಡೆಯುವ ಕ್ರಿಯೆಯು ಪ್ರಮಾಣಿತ ಸ್ಥಿತಿಯಲ್ಲಿ, ಅಂದರೆ ಹೈಡ್ರೋಜನ್ ಒತ್ತಡ ವಾಯುಮಂಡಲದ ಒತ್ತಡದಷ್ಟೇ ಇರುವಾಗ, ಶಕ್ತಿಯನ್ನು ಕೊಡುವುದಿಲ್ಲ. ಬದಲಿಗೆ ಪ್ರತಿ ಮೋಲ್‌ಗೆ ಸುಮಾರು 10 ಕಿಲೋಜೌಲ್ ಬೇಡುತ್ತದೆ. ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಯಾದ ಮೀಥನೋಜೆನ್ ಆ ಹೈಡ್ರೋಜನನ್ನು ಕಾರ್ಬನ್ ಡೈಆಕ್ಸೈಡಿನೊಂದಿಗೆ ಸೇರಿಸಿ ಮೀಥೇನ್ ಮಾಡುತ್ತ, ಅದರ ಒತ್ತಡವನ್ನು ವಾಯುಮಂಡಲದ ಒತ್ತಡದ ಸಾವಿರದಲ್ಲೊಂದು ಪಾಲಿಗೆ ಇಳಿಸಿದರೆ, ಅದೇ ಕ್ರಿಯೆಯಿಂದ ಬ್ಯಾಕ್ಟೀರಿಯಾಕ್ಕೆ ಸುಮಾರು 25 ಕಿಲೋಜೌಲ್ ದಕ್ಕುತ್ತದೆ.

ಇದು ಬೆಳಕಿಗೆ ಬಂದ ಬಗೆ ಸ್ವಾರಸ್ಯಕರ. ಎಥನಾಲಿನಿಂದ ಮೀಥೇನ್ ತಯಾರಿಸುವ 'ಮೀಥನೋಬ್ಯಾಸಿಲಸ್ ಒಮೆಲಿಯಾನ್‌ಸ್ಕಿ' ಒಂದೇ ಜೀವಿಯೆಂದು ದಶಕಗಳ ಕಾಲ ನಂಬಲಾಗಿತ್ತು. 1967ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಬ್ರಯಂಟ್ ಮತ್ತು ಸಂಗಡಿಗರು ಅದರಲ್ಲಿ ಎರಡು ಜೀವಿಗಳಿರುವುದನ್ನು ತೋರಿಸಿದರು. ಬೇರ್ಪಡಿಸಿದ ಬ್ಯಾಕ್ಟೀರಿಯಾ ಎಥನಾಲಿನಲ್ಲಿ ತುಸುವೇ ಬೆಳೆದು, ತಾನೇ ಬಿಟ್ಟ ಹೈಡ್ರೋಜನ್ ಶೇಖರವಾದಂತೆ ಕುಂಠಿತಗೊಂಡಿತು. ಮೀಥನೋಜೆನ್ ಎಥನಾಲನ್ನು ಬಳಸಲೇ ಇಲ್ಲ.

ಹಾಗೆಂದು 'ಬದುಕಲಾರವು' ಎಂಬ ಮಾತನ್ನು ತೀರ ಹಿಗ್ಗಿಸಬಾರದು. ಅದು ಎಥನಾಲೊಂದೇ ಆಹಾರವಾಗಿರುವಾಗ ಸಲ್ಲುವ ಮಾತು. ಪೈರುವೇಟ್ ಒದಗಿಸಿದರೆ ಆ ಬ್ಯಾಕ್ಟೀರಿಯಾ, ಹೈಡ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಒದಗಿಸಿದರೆ ಆ ಮೀಥನೋಜೆನ್, ಒಂಟಿಯಾಗಿಯೇ ಬೆಳೆಯುತ್ತವೆ.