ಸ್ಕಿನ್ ಟೋನ್ ಲೈನ್ ಮೇಲೆ ಕೂತರೂ ಪೋರ್ಟ್ರೇಟ್‌ಗಳು ಯಾಕೆ ಒಂದಕ್ಕೊಂದು ಹೊಂದುವುದಿಲ್ಲ?

ಪ್ರಶ್ನೆ: ಒಂದೇ ಬೆಳಕಿನ ವ್ಯವಸ್ಥೆಯಲ್ಲಿ ತೆಗೆದ 12 ಜನರ ಪೋರ್ಟ್ರೇಟ್ ಸರಣಿ ಇದೆ. ಪ್ರತಿ ಮುಖವನ್ನೂ ವೆಕ್ಟರ್‌ಸ್ಕೋಪ್‌ನ ಸ್ಕಿನ್ ಟೋನ್ ಲೈನ್ ಮೇಲೆ ತಂದು ಕೂರಿಸಿದ್ದೇನೆ. ಆದರೂ ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಬೇರೆ ದಿನ ತೆಗೆದ ಹಾಗೆ ಕಾಣುತ್ತವೆ. ಲೈನನ್ನು ನಾನು ತಪ್ಪಾಗಿ ಓದುತ್ತಿದ್ದೇನಾ?

ಉತ್ತರ: ಎಲ್ಲರನ್ನೂ ಲೈನ್ ಮೇಲೆ ಕೂರಿಸಿದ್ದರಿಂದಲೇ ಹೀಗಾಗಿದೆ. ಸರಣಿಯಲ್ಲಿ ಒಂದೇ ಆಗಿರಬೇಕಾದದ್ದು ಬೆಳಕಿನ ಬಣ್ಣ, ಚರ್ಮದ ಬಣ್ಣ ಅಲ್ಲ. ಒಬ್ಬೊಬ್ಬರ ಚರ್ಮವನ್ನು ಎಳೆದು ಒಂದೇ ಕೋನಕ್ಕೆ ತಂದಾಗ ಪ್ರತಿ ಚಿತ್ರದ ಬೆಳಕೂ ಬೇರೆ ಬೇರೆ ದಿಕ್ಕಿಗೆ ವಾಲಿತು. ಕಣ್ಣು ಹಿಡಿಯುವುದು ಆ ವಾಲಿಕೆಯನ್ನು.

ಈ ಲೈನ್ ಚರ್ಮವನ್ನು ಅಳೆದು ಎಳೆದದ್ದಲ್ಲ. ಅಮೆರಿಕದ ಎನ್‌ಟಿಎಸ್‌ಸಿ ಕಲರ್ ಟಿವಿ ಪದ್ಧತಿಯ ಐ ಅಕ್ಷ ಅದು, ಸುಮಾರು 123 ಡಿಗ್ರಿಯಲ್ಲಿ, ಕೆಂಪಿಗೂ ಹಳದಿಗೂ ನಡುವೆ. ಮನುಷ್ಯರ ಚರ್ಮದ ಹ್ಯೂ ಅದರ ಆಸುಪಾಸಿನಲ್ಲಿ ಗುಂಪುಗೂಡುತ್ತದೆ, ಯಾಕೆಂದರೆ ಎಲ್ಲರಲ್ಲೂ ಬಣ್ಣ ಕೊಡುವುದು ಮುಖ್ಯವಾಗಿ ರಕ್ತ ಮತ್ತು ಮೆಲನಿನ್. ಆದರೆ ಗುಂಪಿಗೆ ಅಗಲ ಇದೆ. ರಕ್ತದ ಛಾಯೆ ಎದ್ದು ಕಾಣುವವರು ಕೆಂಪಿನ ಕಡೆಗೆ, ಅಂದರೆ ಪ್ರದಕ್ಷಿಣೆಯಾಗಿ, ಕೆಲವು ಡಿಗ್ರಿ ಸರಿದಿರುತ್ತಾರೆ. ಆಲಿವ್ ಮೈಬಣ್ಣದವರು ಹಳದಿಯ ಕಡೆಗೆ. ಎರಡೂ ಸಹಜವೇ.

ಹಾಗಾದರೆ ಸಹಜ ಓರೆ ಯಾವುದು, ಬೆಳಕಿನ ದೋಷ ಯಾವುದು? ಸಂಖ್ಯೆ ಹಾಕಿ ನೋಡೋಣ. ಸ್ಕೋಪ್ ಇಲ್ಲದ ಫೋಟೋ ಎಡಿಟರ್‌ನಲ್ಲೂ ಐಡ್ರಾಪರ್‌ನಿಂದ ಓದಿದ ಬೆಲೆಗಳಿಗೆ Rec.709 ಲೆಕ್ಕ ಇದು:

```
Y  = 0.2126 R + 0.7152 G + 0.0722 B
Cb = (B - Y) / 1.8556
Cr = (R - Y) / 1.5748
```

Cb ಅಡ್ಡ ಅಕ್ಷ, Cr ಲಂಬ ಅಕ್ಷ. ಕೇಂದ್ರದಿಂದ ನೋಡಿದ ಕೋನ ಹ್ಯೂ, ದೂರ ಸ್ಯಾಚುರೇಶನ್.

ಮೊದಲನೆಯವರ ಕೆನ್ನೆ ಕೆಂಪು 200, ಹಸಿರು 150, ನೀಲಿ 125 ಅಂತಿಟ್ಟುಕೊಳ್ಳಿ. ಕೋನ ಸುಮಾರು 125 ಬರುತ್ತದೆ. ಅದೇ ವ್ಯಕ್ತಿ ಇನ್ನೊಂದು ಫ್ರೇಮ್‌ನಲ್ಲಿ 196, 154, 125. ಕೆಂಪು ನಾಲ್ಕು ಇಳಿದು ಹಸಿರು ನಾಲ್ಕು ಏರಿದ್ದು, ಅಷ್ಟೇ. ಕೋನ ಮಾತ್ರ 131ಕ್ಕೆ ಜಿಗಿಯಿತು. ಈಗ ಬೇರೊಬ್ಬರು, ಆಲಿವ್ ಮೈಬಣ್ಣ: 195, 152, 118. ಅವರದು 134. ಸ್ಕೋಪ್‌ನಲ್ಲಿ ಕೊನೆಯ ಎರಡೂ ಒಂದೇ ತರಹದ ದೋಷದಂತೆ ಕಾಣುತ್ತವೆ.

ಇದನ್ನು ಬಿಡಿಸುವುದು ಚರ್ಮವಲ್ಲ, ಅದೇ ಫ್ರೇಮ್‌ನಲ್ಲಿರುವ ತಟಸ್ಥ ಬಣ್ಣ. 131 ತೋರಿಸಿದ ಫ್ರೇಮ್‌ನ ಗ್ರೇ ಕಾರ್ಡ್ ಓದಿದರೆ 176, 185, 180 ಬರುತ್ತದೆ, ಅಂದರೆ ಬೆಳಕಿಗೇ ಹಸಿರು ಸೇರಿದೆ. ಸ್ಕೋಪ್‌ನಲ್ಲಿ ಕಾರ್ಡಿನ ಚುಕ್ಕೆ ಕೇಂದ್ರದಿಂದ ಸ್ವಲ್ಪ ಕೆಳಗೆ ಜಾರಿರುತ್ತದೆ. ಇದು ತೀರಾ ಸಣ್ಣ ಜಾರಿಕೆ, ಝೂಮ್ ಹಾಕದೆ ಕಾಣುವುದಿಲ್ಲ. ಆಲಿವ್ ಮೈಬಣ್ಣದವರ ಫ್ರೇಮ್‌ನಲ್ಲಿ ಕಾರ್ಡ್ ನೇರ ಕೇಂದ್ರದಲ್ಲಿದೆ. ಮೊದಲನೆಯದನ್ನು ಟಿಂಟ್‌ನಿಂದ ಸರಿಪಡಿಸಿ, ಕೆನ್ನೆ ತಾನಾಗಿ 125ಕ್ಕೆ ಮರಳುತ್ತದೆ. ಎರಡನೆಯದನ್ನು ಮುಟ್ಟಬೇಡಿ. ಅದನ್ನು ಲೈನ್‌ಗೆ ತಂದರೆ ಆ ವ್ಯಕ್ತಿಗೆ ಇಲ್ಲದ ಕೆಂಪು ಬಳಿದಂತೆ, ಹಿಂದಿನ ಬೂದು ಬ್ಯಾಕ್‌ಡ್ರಾಪ್ ಕೂಡ ಮೆಜೆಂಟಾ ಕಡೆಗೆ ಹೋಗುತ್ತದೆ.

ಕಾರ್ಡ್ ಇಟ್ಟಿಲ್ಲ ಎಂದಾದರೆ ಎಲ್ಲ ಫ್ರೇಮ್‌ಗಳಲ್ಲೂ ಇರುವ ಬ್ಯಾಕ್‌ಡ್ರಾಪ್‌ನ ಒಂದೇ ಜಾಗವನ್ನು ಅಳತೆಗೆ ಇಟ್ಟುಕೊಳ್ಳಿ. ಅದು ಪೂರ್ತಿ ತಟಸ್ಥವಾಗಿರಬೇಕಿಲ್ಲ, ಎಲ್ಲದರಲ್ಲೂ ಒಂದೇ ಕಡೆ ಬಿದ್ದರೆ ಸಾಕು. ಬಿಳಿ ಶರ್ಟನ್ನು ಮಾತ್ರ ನಂಬಬೇಡಿ. ಬಟ್ಟೆಗೆ ಹಾಕುವ ಬ್ರೈಟನರ್‌ಗಳು ಅದನ್ನು ನೀಲಿಯ ಕಡೆಗೆ ಎಳೆಯುತ್ತವೆ.

ಇನ್ನು ಅಳೆಯುವ ಕ್ರಮ. ಇಡೀ ಮುಖವನ್ನು ಸ್ಕೋಪ್‌ಗೆ ಕೊಟ್ಟರೆ ತುಟಿ, ಕಿವಿ, ಮೂಗಿನ ತುದಿ, ಗಡ್ಡದ ನೆರಳು ಎಲ್ಲ ಬೆರೆತು ಒಂದು ಮೋಡ ಬರುತ್ತದೆ. ಅದರ ಮಧ್ಯ ಎಲ್ಲಿ ಅಂತ ಊಹಿಸುವುದರಲ್ಲೇ ನಾಲ್ಕೈದು ಡಿಗ್ರಿ ತಪ್ಪುತ್ತದೆ. ಬೆಳಕು ನೇರವಾಗಿ ಬೀಳುವ ಕೆನ್ನೆಯ ಮೇಲೆ, ಹೊಳಪು ಮತ್ತು ಬ್ಲಶ್ ಬಿಟ್ಟು, ಸಣ್ಣ ವಿಂಡೋ ಹಾಕಿ. ಡಾವಿಂಚಿ ರಿಸಾಲ್ವ್‌ನಲ್ಲಿ Shift+H ಒತ್ತಿದರೆ ವಿಂಡೋದ ಹೊರಗಿನದು ಬೂದಾಗಿ ಕೇಂದ್ರಕ್ಕೆ ಹೋಗುತ್ತದೆ, ಕೆನ್ನೆಯ ಗೆರೆ ಒಂದೇ ಉಳಿಯುತ್ತದೆ. ಸ್ಟಿಲ್‌ಗಳನ್ನು ಅಲ್ಲಿಗೆ ತರುವ ಮುಂಚೆ sRGBಗೆ ಬದಲಾಯಿಸಿ. ಅಗಲವಾದ ಕಲರ್ ಸ್ಪೇಸ್‌ನ ಫೈಲನ್ನು ಹಾಗೇ ತಂದರೆ ಸ್ಯಾಚುರೇಶನ್ ಕುಗ್ಗಿದಂತೆ ಕಾಣುತ್ತದೆ.

ಎಕ್ಸ್‌ಪೋಷರ್ ಮೊದಲೇ ಸರಿಹೋಗಿರಬೇಕು, ಇದು ಬಹಳ ಜನ ಬಿಡುವ ಮೆಟ್ಟಿಲು. ವೆಕ್ಟರ್‌ಸ್ಕೋಪ್‌ಗೆ ಬೆಳಕಿನ ಮಟ್ಟ ಕಾಣುವುದೇ ಇಲ್ಲ. ಮೇಲಿನ 200, 150, 125 ಕೆನ್ನೆಯನ್ನು ಸುಮಾರು ಒಂದು ಸ್ಟಾಪ್ ಇಳಿಸಿದರೆ 140, 105, 88 ಆಗುತ್ತದೆ. ಕೋನ ಬದಲಾಗದು, ಆದರೆ ಕೇಂದ್ರದಿಂದ ದೂರ 32ರಿಂದ 22ಕ್ಕೆ ಬೀಳುತ್ತದೆ. ಸರಿಯಾಗಿ ಎಕ್ಸ್‌ಪೋಸ್ ಆದ ಕಪ್ಪು ಮೈಬಣ್ಣದ ಒಬ್ಬರ ಕೆನ್ನೆ, 110, 76, 60, ಕೂಡ ಹತ್ತಿರಹತ್ತಿರ ಅಲ್ಲೇ ಬೀಳುತ್ತದೆ: 124 ಡಿಗ್ರಿ, ದೂರ 21. ಸ್ಕೋಪ್ ಮಾತ್ರ ನೋಡಿ ಇಬ್ಬರಿಗೂ ಸ್ಯಾಚುರೇಶನ್ ಏರಿಸಿದರೆ ಕಪ್ಪು ಮೈಬಣ್ಣದವರು ಕಿತ್ತಳೆಯಾಗುತ್ತಾರೆ. ಮೊದಲನೆಯವರಿಗೆ ಬೇಕಿದ್ದದ್ದು ಸ್ಯಾಚುರೇಶನ್ ಅಲ್ಲ, ಬೆಳಕು. ವೇವ್‌ಫಾರ್ಮ್ ಪಕ್ಕದಲ್ಲಿ ತೆರೆದಿರಲಿ.

ಗೆರೆಯ ಆಕಾರವನ್ನೂ ಓದಿ. ಶುದ್ಧ ಬೆಳಕಿನಲ್ಲಿ ಅದು ಕೇಂದ್ರದಿಂದ ಹೊರಕ್ಕೆ ನೇರವಾಗಿ ಚಾಚಿರುತ್ತದೆ. ಒಳತುದಿ ಹಸಿರಿನ ಕಡೆಗೆ ಬಾಗಿದ್ದರೆ ನೆರಳಿನ ಕೆನ್ನೆಗೆ ಗೋಡೆಯಿಂದಲೋ ಹುಲ್ಲಿನಿಂದಲೋ ಬಣ್ಣ ಬಡಿಯುತ್ತಿದೆ ಅಂತ ಅನುಮಾನಿಸಿ, ವಿಂಡೋವನ್ನು ಆ ಕೆನ್ನೆಗೆ ಸರಿಸಿ ಬೇರೆಯಾಗಿ ಅಳೆಯಿರಿ. ಅದನ್ನು ವೈಟ್ ಬ್ಯಾಲೆನ್ಸ್‌ನಿಂದ ತಿದ್ದಲು ಹೋದರೆ ಬೆಳಕಿನ ಕೆನ್ನೆ ಕೆಡುತ್ತದೆ. ನೆರಳಿನ ಭಾಗಕ್ಕಷ್ಟೇ ತಿದ್ದುಪಡಿ ಕೊಡಿ.

ಇಷ್ಟಾದ ಮೇಲೆ ಒಬ್ಬರದೇ ಬೇರೆ ಬೇರೆ ಫ್ರೇಮ್‌ಗಳು ಎರಡು ಡಿಗ್ರಿಯೊಳಗೆ ಹೊಂದಬೇಕು, ಇದರಲ್ಲಿ ನಾನು ಬಿಗಿ. ಬೇರೆ ಬೇರೆ ಜನರ ನಡುವಿನ ಅಂತರ ಹಾಗೇ ಇರಲಿ. ಪ್ರದರ್ಶನದ ಗೋಡೆಗೋ ಪುಸ್ತಕದ ಎದುರುಬದುರು ಪುಟಗಳಿಗೋ ಇನ್ನೂ ಒಗ್ಗೂಡಬೇಕು ಅನಿಸಿದರೆ, ಎಲ್ಲರನ್ನೂ ಲೈನ್‌ಗಲ್ಲ, ಗುಂಪಿನ ನಡುಕೋನದ ಕಡೆಗೆ ಅವರವರ ಅಂತರದ ಮೂರನೇ ಒಂದು ಭಾಗದಷ್ಟು ಮಾತ್ರ Hue Vs Hue ಕರ್ವ್‌ನಲ್ಲಿ ಸರಿಸಿ. ನಡುಕೋನ 125 ಇದ್ದರೆ 134ರವರು 131ಕ್ಕೆ ಬರುತ್ತಾರೆ. ಸಾಲಿನಲ್ಲಿ ಯಾರು ಹೆಚ್ಚು ಕೆಂಪು, ಯಾರು ಹೆಚ್ಚು ಹಳದಿ ಅನ್ನುವ ಕ್ರಮ ತಿದ್ದುವ ಮೊದಲಿದ್ದ ಹಾಗೇ ಉಳಿದಿದೆಯಾ ಅಂತ ಕೊನೆಗೊಮ್ಮೆ ನೋಡಿ. ಅದು ಅದಲುಬದಲಾಗಿದ್ದರೆ ಯಾವುದೋ ಫ್ರೇಮ್‌ನ ಟಿಂಟ್ ಇನ್ನೂ ಸರಿಯಾಗಿಲ್ಲ, ಮತ್ತೆ ಕಾರ್ಡಿನಿಂದಲೇ ಶುರುಮಾಡಿ.