ಅಜ್ಜಿಯ ನಾಲ್ಕು ಕೋಲು: ಮಕ್ಕಳು ಊಹಿಸಬೇಕಾದ್ದನ್ನು ಕತೆಯೇ ಹೇಳಿಬಿಟ್ಟರೆ?

ಪ್ರಶ್ನೆ: ಐದನೇ ತರಗತಿ ಮಕ್ಕಳಿಗೆ ಜನಪದ ಕತೆ ಕೊಟ್ಟು, ಓದಿ ಉತ್ತರ ಬರೆಯುವ ಹಾಳೆ ತಯಾರಿಸುತ್ತಿದ್ದೇನೆ. ಕಳ್ಳನ ಕೋಲು ರಾತ್ರಿಯಲ್ಲಿ ಬೆಳೆಯುತ್ತೆ ಅನ್ನೋ ಕತೆ ಆರಿಸಿದ್ದೇನೆ. ‘ಯಾಕೆ’, ‘ನಿನಗೆ ಹೇಗೆ ಗೊತ್ತಾಯಿತು’ ಅಂತ ಊಹಿಸುವ ಪ್ರಶ್ನೆಗಳನ್ನೇ ಹಾಕಿದ್ದೇನೆ. ಆದರೂ ಅರ್ಧ ಮಕ್ಕಳು ಕತೆಯ ಸಾಲನ್ನೇ ಎತ್ತಿ ಬರೆಯುತ್ತಾರೆ, ಉಳಿದವರು ತಲೆಗೆ ಬಂದಿದ್ದು ಬರೆಯುತ್ತಾರೆ. ಅಂಕ ಹೇಗೆ ಕೊಡೋದು ಅಂತಲೂ ತಿಳಿಯುತ್ತಿಲ್ಲ. ಎಲ್ಲಿ ತಪ್ಪಾಗುತ್ತಿದೆ?

ಉತ್ತರ: ಪ್ರಶ್ನೆಗಳನ್ನು ಆಮೇಲೆ ನೋಡೋಣ. ಮೊದಲು ಕತೆಯ ಕೊನೆ ನೋಡಿ. ಈ ಕತೆಯನ್ನು ಬಾಯಲ್ಲಿ ಹೇಳುವವರೆಲ್ಲ ಸಾಮಾನ್ಯವಾಗಿ ಹೀಗೆ ಮುಗಿಸುತ್ತಾರೆ: ‘ಕೋಲು ಬೆಳೆದರೆ ಸಿಕ್ಕಿಬೀಳುತ್ತೇನೆ ಅಂತ ಹೆದರಿ ಕಳ್ಳ ಅದನ್ನು ಒಂದು ಬೆರಳಗಲ ಕತ್ತರಿಸಿದ್ದ. ಕೋಲಿನಲ್ಲಿ ಮಂತ್ರ ಗಿಂತ್ರ ಏನೂ ಇರಲಿಲ್ಲ.’ ಕೇಳೋದಕ್ಕೆ ಚೆನ್ನಾಗಿದೆ. ಆದರೆ ಈ ಎರಡು ಸಾಲು ಹಾಳೆಯಲ್ಲಿ ಉಳಿದರೆ ‘ಕೋಲು ಯಾಕೆ ಗಿಡ್ಡವಾಯಿತು?’ ಅನ್ನೋದು ಊಹೆಯ ಪ್ರಶ್ನೆಯಾಗಿ ಉಳಿಯೋದಿಲ್ಲ. ಹುಡುಕಿ ಬರೆಯುವ ಪ್ರಶ್ನೆ ಆಗುತ್ತೆ. ಸಾಲು ಎತ್ತಿ ಬರೆದ ಮಗು ಸರಿಯಾದ ಕೆಲಸವನ್ನೇ ಮಾಡಿದೆ, ಅಲ್ವಾ?

ಹಾಗಂತ ಆ ಸಾಲುಗಳನ್ನು ಸುಮ್ನೆ ಹೊಡೆದುಹಾಕಿದರೂ ಆಗಲ್ಲ. ಆಗ ಮಗುವಿಗೆ ಹಿಡಿದುಕೊಳ್ಳಲು ಏನೂ ಇರಲ್ಲ, ತಲೆಗೆ ಬಂದಿದ್ದು ಬರೆಯುತ್ತೆ. ವಿವರಣೆ ತೆಗೆದ ಜಾಗಕ್ಕೆ ಸುಳಿವು ಇಡಬೇಕು. ಅದೂ ಒಂದೇ ಕಡೆ ಅಲ್ಲ, ಬೇರೆ ಬೇರೆ ಕಡೆ. ನಾನು ನನ್ನ ಮಕ್ಕಳಿಗೆ ಈ ಕತೆಯನ್ನು ಹೀಗೆ ಬರೆದುಕೊಂಡಿದ್ದೇನೆ:

> ಒಬ್ಬ ವ್ಯಾಪಾರಿಯ ಮನೆಯಲ್ಲಿ ಸೋಮ, ರಂಗ, ಗುಂಡ, ಪುಟ್ಟ ಅಂತ ನಾಲ್ವರು ಆಳುಗಳಿದ್ದರು. ಪುಟ್ಟ ಕೆಲಸಕ್ಕೆ ಸೇರಿ ಎರಡೇ ದಿನ ಆಗಿತ್ತು. ಒಂದು ಬೆಳಿಗ್ಗೆ ನೋಡಿದರೆ ಹಣದ ಚೀಲ ಇಲ್ಲ. ಕೇಳಿದರೆ ನಾಲ್ವರೂ ‘ನಾನಲ್ಲ’ ಅಂದರು. ವ್ಯಾಪಾರಿ ಪಕ್ಕದ ಮನೆಯ ಅಜ್ಜಿಯನ್ನು ಕರೆಸಿದ.
>
> ಅಜ್ಜಿ ಹಿತ್ತಲಿಗೆ ಹೋಗಿ ಸೌದೆ ರಾಶಿಯಿಂದ ನಾಲ್ಕು ಕೋಲು ಎಳೆದು ತಂದಳು. ನಾಲ್ಕನ್ನೂ ಒಂದೇ ಅಳತೆಗೆ ಕಡಿದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಳು. ‘ಇದು ಮಂತ್ರದ ಕೋಲು. ಕದ್ದವನ ಕೋಲು ಬೆಳಗಾಗುವಷ್ಟರಲ್ಲಿ ಒಂದು ಬೆರಳಗಲ ಬೆಳೆದಿರುತ್ತೆ’ ಅಂದಳು. ಕೋಲು ಇಸಿದುಕೊಳ್ಳುವಾಗ ಪುಟ್ಟನ ಕೈ ನಡುಗಿತು.
>
> ರಾತ್ರಿ ಮೂವರು ಕೋಲನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದರು. ಗುಂಡನ ಕೋಣೆಯ ದೀಪ ಮಾತ್ರ ತುಂಬಾ ಹೊತ್ತು ಉರಿಯುತ್ತಿತ್ತು.
>
> ಬೆಳಿಗ್ಗೆ ಅಜ್ಜಿ ಕೋಲುಗಳನ್ನು ಪಕ್ಕಪಕ್ಕ ನಿಲ್ಲಿಸಿದಳು. ಮೂರು ಕೋಲು ಸಮಸಮ ಇದ್ದವು. ಗುಂಡನದು ಒಂದು ಬೆರಳಗಲ ಗಿಡ್ಡ. ಅಜ್ಜಿ ನಕ್ಕಳು. ‘ಚೀಲ ಎಲ್ಲಿಟ್ಟಿದ್ದೀಯಪ್ಪಾ?’ ಅಂತ ಕೇಳಿದಳು. ಗುಂಡ ತಲೆ ತಗ್ಗಿಸಿದ. ಚೀಲ ಸಿಕ್ಕಿದ ಮೇಲೆ ಅಜ್ಜಿ ನಾಲ್ಕು ಕೋಲನ್ನೂ ಒಲೆಗೆ ತುರುಕಿ ನೀರು ಕಾಯಿಸಿದಳು.

ಗುಂಡ ಕೋಲು ಕತ್ತರಿಸಿದ ಅನ್ನೋ ಮಾತು ಇಲ್ಲಿ ಎಲ್ಲೂ ಇಲ್ಲ. ಆದರೆ ಅಜ್ಜಿಯ ಮಾತು, ಉರಿಯುತ್ತಿದ್ದ ದೀಪ, ಗಿಡ್ಡ ಕೋಲು ಈ ಮೂರನ್ನೂ ಸೇರಿಸಿದರೆ ಬೇರೆ ಉತ್ತರಕ್ಕೆ ಜಾಗವೇ ಇಲ್ಲ. ಸೌದೆ ರಾಶಿ ಮತ್ತು ಒಲೆ ನಾನೇ ಸೇರಿಸಿದ್ದು. ಕೋಲು ಮಾಮೂಲಿ ಕೋಲು ಅಂತ ನಾನು ಹೇಳಲಿಲ್ಲ, ಅಜ್ಜಿಯ ಕೈಯಲ್ಲಿ ಮಾಡಿಸಿ ತೋರಿಸಿದೆ. ಜನಪದ ಕತೆಗೆ ಒಬ್ಬನೇ ಒಡೆಯ ಅಂತಿಲ್ಲ. ಹೇಳುವವರೆಲ್ಲ ಒಂದಿಷ್ಟು ಬದಲಾಯಿಸಿಕೊಂಡೇ ಬಂದಿದ್ದಾರೆ. ನಾವೂ ಬದಲಾಯಿಸಬಹುದು.

ಈಗ ಪ್ರಶ್ನೆಗಳಿಗೆ ಬರೋಣ. ಮೊದಲನೆಯದು ‘ಅಜ್ಜಿ ಕೋಲುಗಳನ್ನು ಎಲ್ಲಿಂದ ತಂದಳು?’ ಇದು ಬರೀ ಹುಡುಕಿ ಬರೆಯೋದು. ಬೇಕು ಅಂತಲೇ ಇಟ್ಟಿದ್ದೇನೆ. ಮುಂದಿನ ಒಂದು ಪ್ರಶ್ನೆಗೆ ಬೇಕಾಗುವ ಸುಳಿವಿನ ಮೇಲೆ ಮಗುವಿನ ಕಣ್ಣು ಒಮ್ಮೆ ಓಡಿರುತ್ತೆ.

ಎರಡನೆಯದೇ ಮುಖ್ಯವಾದದ್ದು. ‘ಬೆಳಿಗ್ಗೆ ಗುಂಡನ ಕೋಲು ಗಿಡ್ಡವಾಗಿತ್ತು. ರಾತ್ರಿ ಏನಾಗಿರಬೇಕು? ಯಾಕೆ?’ ಇದಕ್ಕೆ ಮೂರು ಥರದ ಉತ್ತರ ಬರುತ್ತೆ. ‘ಯಾಕೆಂದರೆ ಅವನು ಕಳ್ಳ’ ಅಂತ ಬರೆದ ಮಗುವಿಗೆ ಕತೆಯ ಕೊನೆ ಗೊತ್ತಾಗಿದೆ, ನಡುವಿನ ಕೊಂಡಿ ಸಿಕ್ಕಿಲ್ಲ. ‘ಕೋಲು ತಾನಾಗೇ ಕುಗ್ಗಿತು’ ಅಂತ ಬರೆದ ಮಗು ಮಂತ್ರದ ಮಾತನ್ನು ನಿಜ ಅಂತಲೇ ನಂಬಿದೆ. ಜತೆಗೆ, ಅಜ್ಜಿ ಹೇಳಿದ್ದು ಬೆಳೆಯುತ್ತೆ ಅಂತ, ಕುಗ್ಗುತ್ತೆ ಅಂತಲ್ಲ ಅನ್ನೋದನ್ನು ಗಮನಿಸಿಲ್ಲ. ‘ಗುಂಡ ಕತ್ತರಿಸಿದ’ ಅಂತ ಬರೆದರೆ ಅರ್ಧ ಸರಿ. ‘ಬೆಳೆಯುತ್ತೆ ಅಂತ ಹೆದರಿ ಮೊದಲೇ ಕತ್ತರಿಸಿದ’ ಅಂತ ಬಂದರೆ ಪೂರ್ತಿ ಸರಿ. ನೋಡಿ, ಒಂದೇ ಪ್ರಶ್ನೆಯ ತಪ್ಪು ಉತ್ತರಗಳಿಂದ ಯಾರಿಗೆ ಎಲ್ಲಿ ಸಹಾಯ ಬೇಕು ಅಂತ ಗೊತ್ತಾಗುತ್ತೆ. ಅದಕ್ಕೇ ಹಾಳೆ ಹಂಚುವ ಮೊದಲು ಸರಿ ಉತ್ತರದ ಜತೆ, ಬರಬಹುದಾದ ಎರಡು ಮೂರು ತಪ್ಪು ಉತ್ತರಗಳನ್ನೂ ಬರೆದಿಟ್ಟುಕೊಳ್ಳಿ.

ಮೂರನೆಯದು ‘ಕೋಲುಗಳಲ್ಲಿ ನಿಜವಾಗಿ ಮಂತ್ರ ಇತ್ತಾ? ಕತೆಯಿಂದ ಎರಡು ಸುಳಿವು ಕೊಡು.’ ಸೌದೆ ರಾಶಿ, ಒಲೆ, ಯಾವ ಕೋಲೂ ಬೆಳೆಯದೇ ಇದ್ದದ್ದು, ಇವುಗಳಲ್ಲಿ ಯಾವ ಎರಡು ಬಂದರೂ ಸರಿ. ಒಂದು ಸುಳಿವು ಮೊದಲಲ್ಲಿದೆ, ಇನ್ನೊಂದು ಕೊನೆಯ ಸಾಲಿನಲ್ಲಿದೆ. ಮಗು ಕತೆಯ ಎರಡು ತುದಿಗೂ ಹೋಗಿ ಬರಬೇಕು.

ನಾಲ್ಕನೆಯದು ಪುಟ್ಟನ ಬಗ್ಗೆ. ‘ಪುಟ್ಟನ ಕೈ ನಡುಗಿತು. ಅವನೇ ಕಳ್ಳ ಅಂತ ಇದರಿಂದ ಹೇಳಬಹುದಾ?’ ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ನಡುಗಿದವನೇ ಕಳ್ಳ ಅಂತ ಮಕ್ಕಳು ತಟ್ಟನೆ ಹೇಳಿಬಿಡುತ್ತಾರೆ. ಕೆಲಸಕ್ಕೆ ಸೇರಿ ಎರಡೇ ದಿನ ಆಗಿದೆ, ಹೊಸಬನಿಗೆ ಭಯ ಇರುತ್ತೆ, ಆಮೇಲೆ ಅವನ ಕೋಲು ಸರಿಯಾಗೇ ಇತ್ತು, ಇಷ್ಟನ್ನೂ ತೂಗಿ ನೋಡಿದ ಮೇಲೆ ಮೊದಲ ಊಹೆಯನ್ನು ಬಿಡಬೇಕಾಗುತ್ತೆ. ಮಾಡಿದ ಊಹೆಯನ್ನು ವಾಪಸ್ ತಗೊಳ್ಳೋದೂ ಓದಿನ ಒಂದು ಭಾಗವೇ.

ಐದನೆಯದು ‘ಗುಂಡ ಅಜ್ಜಿಯ ಮಾತು ನಂಬದೇ ಇದ್ದಿದ್ದರೆ ಬೆಳಿಗ್ಗೆ ಕೋಲುಗಳು ಹೇಗಿರುತ್ತಿದ್ದವು?’ ಉತ್ತರ ಒಂದೇ: ನಾಲ್ಕೂ ಸಮ. ಅಜ್ಜಿಯ ಉಪಾಯ ನಿಂತಿರೋದು ಗುಂಡನ ನಂಬಿಕೆಯ ಮೇಲೆ ಅಂತ ಅರ್ಥವಾದವರಿಗೆ ಮಾತ್ರ ಇದು ಹೊಳೆಯುತ್ತೆ. ‘ನೀನು ಗುಂಡನಾಗಿದ್ದರೆ ಏನು ಮಾಡುತ್ತಿದ್ದೆ?’ ಅಂತ ಕೇಳಿದರೆ ಮಕ್ಕಳು ಖುಷಿಯಾಗಿ ಬರೆಯುತ್ತಾರೆ, ನಿಜ. ಆದರೆ ಕತೆ ಓದದಿದ್ದರೂ ಬರೆಯಬಹುದು. ಅದನ್ನು ಮಾತಿಗೆ ಇಟ್ಟುಕೊಳ್ಳಿ, ಅಂಕಕ್ಕೆ ಬೇಡ. ‘ಈ ಕತೆಯ ನೀತಿ ಏನು?’ ಅನ್ನೋದೂ ಹಾಗೇ. ‘ಕದಿಯಬಾರದು’ ಅಂತ ಬರೆಯಲು ಯಾರೂ ಕತೆ ಓದಬೇಕಾಗಿಲ್ಲ.

ಇದು ದೊಡ್ಡ ದೊಡ್ಡ ಪರೀಕ್ಷೆಗಳಿಗೂ ಇರುವ ಕಾಯಿಲೆ. ಓದಿನ ಮಟ್ಟ ಅಳೆಯಲು ತುಂಬಾ ಕಡೆ ಬಳಸುವ ‘ಗ್ರೇ ಓರಲ್ ರೀಡಿಂಗ್ ಟೆಸ್ಟ್’ ಅಂತ ಒಂದಿದೆ. ಅದರ ಆಗಿನ ಆವೃತ್ತಿಯ ಬಹಳಷ್ಟು ಪ್ರಶ್ನೆಗಳಿಗೆ ಗದ್ಯ ಓದದೆಯೇ, ಕಣ್ಣು ಮುಚ್ಚಿ ಟಿಕ್ ಹಾಕಿದ್ದಕ್ಕಿಂತ ಜಾಸ್ತಿ ಸರಿ ಉತ್ತರ ಕೊಡಬಹುದು ಅಂತ ಕೀನನ್ ಮತ್ತು ಬೆಟ್ಜೆಮನ್ ಎಂಬ ಸಂಶೋಧಕರು 2006ರಲ್ಲಿ ತೋರಿಸಿದರು. ನಮ್ಮ ಹಾಳೆಯನ್ನು ಪರೀಕ್ಷಿಸಲೂ ಇದೇ ದಾರಿ. ಕತೆ ಕೊಡಬೇಡಿ. ಪ್ರಶ್ನೆಗಳನ್ನು ಮಾತ್ರ ಬೇರೆ ತರಗತಿಯ ಇಬ್ಬರು ಮಕ್ಕಳಿಗೆ ಕೊಟ್ಟು ನೋಡಿ. ಸರಿ ಉತ್ತರ ಬಂದ ಪ್ರಶ್ನೆಯನ್ನು ತೆಗೆಯಿರಿ, ಇಲ್ಲವೇ ತಿದ್ದಿ.

ಹೀಗೆ ಮಾಡಿದಾಗಲೇ ನನ್ನದೊಂದು ತಪ್ಪು ಸಿಕ್ಕಿತು. ಮೊದಲು ನಾನು ‘ಉಳಿದ ಮೂವರು ಯಾಕೆ ಕೋಲು ಕತ್ತರಿಸಲಿಲ್ಲ?’ ಅಂತ ಇನ್ನೊಂದು ಪ್ರಶ್ನೆ ಹಾಕಿದ್ದೆ. ಕತೆಯನ್ನೇ ನೋಡದ ಹುಡುಗಿ ಎರಡನೇ ಪ್ರಶ್ನೆಗೆ ‘ಅವನು ಕತ್ತರಿಸಿದ’ ಅಂತ ಬರೆದಿದ್ದಳು! ಕೆಳಗಿನ ಪ್ರಶ್ನೆಯೇ ಮೇಲಿನ ಪ್ರಶ್ನೆಯ ಗುಟ್ಟು ಬಿಟ್ಟುಕೊಟ್ಟಿತ್ತು. ಆಮೇಲೆ ಅದನ್ನು ‘ಉಳಿದ ಮೂವರು ಯಾಕೆ ಸುಮ್ಮನೆ ಮಲಗಿದರು?’ ಅಂತ ಬದಲಾಯಿಸಿದೆ. ನಿಮ್ಮ ಪ್ರಶ್ನೆಗಳನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಓದಿ ನೋಡಿ. ಇಂಥ ಸೋರಿಕೆ ಆಗ ಕಣ್ಣಿಗೆ ಬೀಳುತ್ತೆ.

ಅಂಕದ ಲೆಕ್ಕ ಸುಲಭ. ಊಹೆಯ ಪ್ರತಿ ಪ್ರಶ್ನೆಗೆ 2 ಅಂಕ ಇಡಿ. ಊಹೆಗೆ 1, ಅದಕ್ಕೆ ಆಧಾರವಾದ ಸುಳಿವಿಗೆ 1. ಉತ್ತರದ ಕೆಳಗೆ ‘ಕತೆಯಲ್ಲಿ ಏನನ್ನು ನೋಡಿ ಹೀಗೆ ಹೇಳಿದೆ?’ ಅಂತ ಇನ್ನೊಂದು ಗೆರೆ ಬಿಡಿ. ಮೂರನೇ ಪ್ರಶ್ನೆ ಸುಳಿವನ್ನೇ ಕೇಳುತ್ತೆ, ಅಲ್ಲಿ ಈ ಗೆರೆ ಬೇಡ. ಸಾಲು ಎತ್ತಿ ಬರೆಯುವ ಮಗುವಿಗೆ ಎರಡನೇ 1 ಸಿಗುತ್ತೆ, ಮೊದಲನೇ 1 ಸಿಗಲ್ಲ. ಬಾಯಿಗೆ ಬಂದಿದ್ದು ಬರೆಯುವ ಮಗುವಿಗೆ ಊಹೆ ಸರಿಯಾಗಿದ್ದರೂ ಸುಳಿವಿನ ಅಂಕ ಹೋಗುತ್ತೆ. ನೀವು ಹೇಳಿದ ಎರಡೂ ತೊಂದರೆ ಹಾಳೆಯ ಮೇಲೆ ಬೇರೆ ಬೇರೆಯಾಗಿ ಕಾಣಿಸುತ್ತೆ.

ಒಮ್ಮೆ ಒಬ್ಬ ಹುಡುಗ, ಗುಂಡ ರಾತ್ರಿ ಓದುತ್ತಿದ್ದ ಅಂತ ಬರೆದಿದ್ದ. ಸುಳಿವು: ದೀಪ ಉರಿಯುತ್ತಿತ್ತು. ದೀಪ ಒಂದನ್ನೇ ನೋಡಿದರೆ ತಪ್ಪೇನಿಲ್ಲ. ಆದರೆ ಓದಿದರೆ ಕೋಲು ಗಿಡ್ಡವಾಗಲ್ಲವಲ್ಲ! ಸುಳಿವಿಗೆ 1 ಅಂಕ ಕೊಟ್ಟು, ‘ಹಾಗಾದರೆ ಕೋಲು ಗಿಡ್ಡ ಆಗಿದ್ದು ಹೇಗೋ?’ ಅಂತ ಪಕ್ಕದಲ್ಲಿ ಬರೆದು ವಾಪಸ್ ಕೊಟ್ಟೆ.

ಇನ್ನೊಂದು ವಿಷಯ. ಎಲ್ಲ ಊಹೆಯ ಪ್ರಶ್ನೆಗಳಿಗೂ ಖಾಲಿ ಬಿಟ್ಟ ಮಗು ಊಹಿಸಲು ಬಾರದ ಮಗುವೇ ಆಗಬೇಕಿಲ್ಲ. ಅಕ್ಷರ ಕೂಡಿಸಿ ಓದೋದರಲ್ಲೇ ಅದರ ಶಕ್ತಿ ಮುಗಿದಿರಬಹುದು. ‘ಬೆರಳಗಲ’ ಅಂದರೆ ಏನು ಅಂತ ಗೊತ್ತಿಲ್ಲದೆಯೂ ಇರಬಹುದು. ಆ ಮಗುವನ್ನು ಪಕ್ಕಕ್ಕೆ ಕೂರಿಸಿ ನೀವೇ ಕತೆ ಓದಿ ಹೇಳಿ, ಬೆರಳಗಲ ಎಷ್ಟು ಅಂತ ಕೈಯಲ್ಲೇ ತೋರಿಸಿ, ಎರಡನೇ ಪ್ರಶ್ನೆಯನ್ನು ಬಾಯಲ್ಲಿ ಕೇಳಿ. ಆಗ ‘ಕತ್ತರಿಸಿರ್ತಾನೆ, ಇನ್ನೇನು’ ಅಂತ ಥಟ್ಟನೆ ಬಂದರೆ, ಆ ಮಗುವಿಗೆ ಈ ಹಾಳೆ ಅಲ್ಲ, ಓದುವ ಅಭ್ಯಾಸದ ಬೇರೆ ಹಾಳೆ ಬೇಕು.