ಮಾರ್ಚ್ ಲೆಕ್ಕ ಮತ್ತು ಆರು ಜನ

ಪ್ರಶ್ನೆ: ಪೀಣ್ಯದಲ್ಲಿ ಪಂಪ್ ತಯಾರಿಸುವ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗ ನೋಡಿಕೊಳ್ಳುತ್ತೇನೆ. ನಾವು ಆರು ಜನ. ಪ್ರತಿ ಮಾರ್ಚ್‌ನಲ್ಲೂ ರಾತ್ರಿ ಹತ್ತಾಗುತ್ತದೆ. ನಮ್ಮ ಹಿರಿಯ ಅಕೌಂಟೆಂಟ್ ಮೇಡಂ ಮೇಲೆ ಎಲ್ಲ ಭಾರ. ಹೋದ ವರ್ಷ ಕ್ಲೋಸಿಂಗ್ ಮುಗಿದ ಮೇಲೆ ಇಬ್ಬರು ಹುಡುಗರು ಕೆಲಸ ಬಿಡುವ ಮಾತಾಡಿದ್ದರು. ಮಾಲೀಕರು "ಒಂದು ತಿಂಗಳು ಅಡ್ಜಸ್ಟ್ ಮಾಡ್ಕೊಳ್ಳಿ, ಏಪ್ರಿಲ್ 10ಕ್ಕೆ ಆಡಿಟ್ ಮುಗೀಬೇಕು" ಅನ್ನುತ್ತಾರೆ. ಕೆಲಸ ಹೇಗೆ ಹಂಚಲಿ? ಯಾರು ಏನು ಮಾಡುತ್ತಾರೆ, ಎಷ್ಟು ಗಂಟೆ ಹಿಡಿಯುತ್ತದೆ ಅನ್ನುವ ಪಟ್ಟಿ ಜೊತೆಗಿಟ್ಟಿದ್ದೇನೆ.
– ಒಬ್ಬ ಓದುಗ, ಬೆಂಗಳೂರು

ಉತ್ತರ: ನೀವು ಪಟ್ಟಿ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಅದನ್ನು ಕೂಡಿಸಿ ನೋಡಿದೆ. ದಿನಕ್ಕೆ 8 ಗಂಟೆಯಂತೆ 26 ದಿನಕ್ಕೆ ಒಬ್ಬರಿಗೆ 208 ಗಂಟೆ ಸಿಗುತ್ತದೆ. ಮೇಡಂ ಹೆಸರಿನ ಮುಂದೆ 290 ಗಂಟೆ ಇದೆ. ಆ ಇಬ್ಬರು ಹುಡುಗರ ಮುಂದೆ ತಲಾ 190. ಅಂದರೆ ನಿಮ್ಮಲ್ಲಿ ಎಲ್ಲರಿಗೂ ಜಾಸ್ತಿ ಕೆಲಸ ಇಲ್ಲ. ಒಬ್ಬರಿಗೆ ಜಾಸ್ತಿ ಇದೆ, ಉಳಿದವರು ರಾತ್ರಿ ಹತ್ತರವರೆಗೆ ಅವರ ಉತ್ತರಕ್ಕೆ ಕಾಯುತ್ತಾರೆ. ಹುಡುಗರು ಬೇಸತ್ತದ್ದು ಹೆಚ್ಚಾಗಿ ಈ ಕಾಯುವಿಕೆಯಿಂದಲೇ ಅಂತ ನನಗನ್ನಿಸುತ್ತದೆ.

ಹಂಚುವ ಮೊದಲು, ನಿಜವಾಗಿ ಮಾರ್ಚ್ 31ಕ್ಕೇ ಆಗಬೇಕಾದದ್ದು ಯಾವುದು ಅಂತ ಬೇರೆ ಮಾಡಿ. ಅದು ನಾವು ಅಂದುಕೊಂಡಷ್ಟು ಇರುವುದಿಲ್ಲ. ಗೋಡೌನಿನ ಸ್ಟಾಕ್ ಎಣಿಕೆ ಅವತ್ತೇ ಆಗಬೇಕು. ತಡವಾದರೆ ನಡುವೆ ಬಂದ ಮಾಲು, ಹೋದ ಮಾಲು ಹಿಂದಕ್ಕೆ ಲೆಕ್ಕ ಹಾಕುತ್ತಾ ಕೂರಬೇಕಾಗುತ್ತದೆ. ನಗದು ಎಣಿಕೆಯೂ ಅವತ್ತಿನದೇ. ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಮತ್ತು ಸಣ್ಣ ತಯಾರಕರ ಬಾಕಿಯನ್ನೂ ನೋಡಲೇಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೆ ಗರಿಷ್ಠ 45 ದಿನ. ಆ ಗಡುವು ದಾಟಿದ ಬಿಲ್ಲನ್ನು ಮಾರ್ಚ್ 31ರೊಳಗೆ ಕಟ್ಟದಿದ್ದರೆ ಆ ಖರ್ಚು ಈ ವರ್ಷದ ತೆರಿಗೆ ಲೆಕ್ಕಕ್ಕೆ ಸಿಗುವುದಿಲ್ಲ.

ಉಳಿದವಕ್ಕೆ ಅವುಗಳದೇ ದಿನ ಇದೆ. ನಿಮ್ಮಂತೆ ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಮಾರ್ಚ್‌ನ ಜಿಎಸ್‌ಟಿಆರ್-1 ಏಪ್ರಿಲ್ 11ಕ್ಕೆ, 3ಬಿ ಏಪ್ರಿಲ್ 20ಕ್ಕೆ. ಮಾರ್ಚ್‌ನಲ್ಲಿ ಹಿಡಿದ ಟಿಡಿಎಸ್ ಕಟ್ಟಲು ಏಪ್ರಿಲ್ 30ರವರೆಗೆ, ಅದರ ರಿಟರ್ನ್‌ಗೆ ಮೇ 31ರವರೆಗೆ ಸಮಯ ಇದೆ. ಯಂತ್ರಗಳ ರಿಜಿಸ್ಟರ್ ತಾಳೆ ನೋಡುವುದು, ಸವಕಳಿ ಲೆಕ್ಕ, ಸಪ್ಲೈಯರ್‌ಗಳಿಂದ ಬಾಕಿ ದೃಢೀಕರಣ ತರಿಸುವುದು, ಇವೆಲ್ಲ ಏಪ್ರಿಲ್‌ನಲ್ಲಿ ನೆಮ್ಮದಿಯಾಗಿ ಆಗುತ್ತವೆ.

ಏಪ್ರಿಲ್ 10 ಅನ್ನುವುದು ಕಾನೂನಿನ ದಿನ ಅಲ್ಲ, ಮಾಲೀಕರ ದಿನ. ಆ ದಿನ ಯಾಕೆ ಬೇಕು ಅಂತ ಕೇಳಿ. ಇಂಥ ಕಡೆ ಸಾಮಾನ್ಯವಾಗಿ ಬ್ಯಾಂಕ್ ಸಾಲದ ಮಿತಿ ನವೀಕರಣ ಹಿಂದಿರುತ್ತದೆ. ಹಾಗಿದ್ದರೆ ಬ್ಯಾಂಕಿನವರು ಮೊದಲು ತಾತ್ಕಾಲಿಕ ಬ್ಯಾಲೆನ್ಸ್ ಶೀಟ್ ತೆಗೆದುಕೊಳ್ಳುತ್ತಾರಾ ಅಂತ ವಿಚಾರಿಸಿ. ತೆಗೆದುಕೊಂಡರೆ ಇಡೀ ಆಡಿಟ್ ಅಷ್ಟರೊಳಗೆ ಮುಗಿಸುವ ಅವಸರ ಇರುವುದಿಲ್ಲ. "ಕಷ್ಟ ಆಗ್ತಿದೆ ಸರ್" ಅಂದರೆ ಮಾಲೀಕರು ಸಮಾಧಾನ ಹೇಳಿ ಕಳಿಸುತ್ತಾರೆ. "290 ಗಂಟೆ ಕೆಲಸ, 208 ಗಂಟೆ ಸಮಯ. ಯಾವುದನ್ನು ಮುಂದಕ್ಕೆ ಹಾಕೋಣ, ನೀವೇ ಹೇಳಿ" ಅಂತ ಹಾಳೆ ಮುಂದಿಟ್ಟರೆ ಏನಾದರೂ ತೀರ್ಮಾನ ಮಾಡಲೇಬೇಕಾಗುತ್ತದೆ.

ಈಗ ಮೇಡಂ ಪಟ್ಟಿಗೆ ಬರೋಣ. ಅದರಲ್ಲಿ ಬ್ಯಾಂಕ್ ತಾಳೆಗೆ 60 ಗಂಟೆ ಇದೆ. ಈ ಕೆಲಸವನ್ನು ಎರಡು ತುಂಡು ಮಾಡಬಹುದು. ಸ್ಟೇಟ್‌ಮೆಂಟಿನ ಸಾಲನ್ನು ನಮ್ಮ ಪುಸ್ತಕದ ಸಾಲಿಗೆ ಹೊಂದಿಸುವುದು ಒಂದು. ಹೊಂದದೆ ಉಳಿದದ್ದು ಯಾಕೆ ಉಳಿಯಿತು ಅಂತ ತೀರ್ಮಾನಿಸುವುದು ಇನ್ನೊಂದು. ಮೇಡಂ ಅನುಭವ ಬೇಕಿರುವುದು ಎರಡನೆಯದಕ್ಕೆ. ಹೊಂದಿಸುವ 45 ಗಂಟೆಯನ್ನು ಹುಡುಗರಿಗೆ ಕೊಡಿ. ಫೆಬ್ರವರಿವರೆಗಿನದನ್ನು ಮಾರ್ಚ್ ಮೊದಲ ವಾರದಲ್ಲೇ ಮುಗಿಸಿದರೆ ಕೊನೆಗೆ ಒಂದೇ ತಿಂಗಳದು ಉಳಿಯುತ್ತದೆ. ಆಡಿಟರ್ ಕಡೆಯವರ ಪ್ರಶ್ನೆಗೆ 40 ಗಂಟೆ ಹಾಕಿದ್ದೀರಿ. ಅದರಲ್ಲಿ ಬಹುಪಾಲು ಫೋನು, ಹುಡುಕಾಟ, ಮತ್ತೆ ಬಂದು ಕೂತು "ಎಲ್ಲಿದ್ದೆ" ಅಂತ ನೆನಪಿಸಿಕೊಳ್ಳುವುದು. ಪ್ರಶ್ನೆಗಳೆಲ್ಲ ಒಂದೇ ಶೀಟಿಗೆ ಬರಲಿ. ನೀವು ಮೊದಲು ನೋಡಿ, ಬರೀ ವೋಚರ್ ಕೇಳಿದ್ದನ್ನು ಬೇರೆಯವರಿಂದ ತೆಗೆಸಿಕೊಡಿ. ಮಿಕ್ಕದ್ದಕ್ಕೆ ಮೇಡಂ ದಿನಕ್ಕೆ ಎರಡು ಸಲ ಕೂರಲಿ. 15 ಗಂಟೆಯಲ್ಲಿ ಆಗುತ್ತದೆ. ಯಂತ್ರಗಳ ರಿಜಿಸ್ಟರಿನ 20 ಗಂಟೆ ಏಪ್ರಿಲ್‌ಗೆ ಹೋಗಲಿ. ಕಲಿಸಿಕೊಡಲು 10 ಗಂಟೆ ಸೇರಿಸಿದರೂ ಮೇಡಂ 210ಕ್ಕೆ ಇಳಿಯುತ್ತಾರೆ.

ಹುಡುಗರಿಗೆ ತಲಾ 22–23 ಗಂಟೆ ಏರಿತಲ್ಲ, ಅದನ್ನು ಹಾಗೇ ಬಿಡಬೇಡಿ. ಅವರ ಪಟ್ಟಿಯಲ್ಲಿರುವ ವೋಚರ್ ಸ್ಕ್ಯಾನ್ ಮಾಡಿ ಫೈಲ್ ಹಾಕುವ 20 ಗಂಟೆ ತೆಗೆಯಿರಿ. ಹೊರಗಿನಿಂದ ಒಂದು ತಿಂಗಳಿಗೆ ಯಾರನ್ನಾದರೂ ಕರೆಸುವುದಾದರೆ ಇಂಥ ಕೆಲಸಕ್ಕೆ ಕರೆಸಿ. ಮಾರ್ಚ್ 20ಕ್ಕೆ ಹೊಸ ಅಕೌಂಟೆಂಟ್ ತಂದರೆ ಅವರಿಗೆ ಹೇಳಿಕೊಡುವ ಕೆಲಸವೂ ಮೇಡಂ ತಲೆಗೇ ಬರುತ್ತದೆ.

ಒಂದು ನಿಯಮವನ್ನು ಮಾತ್ರ ಎಷ್ಟೇ ಅವಸರ ಇದ್ದರೂ ಸಡಿಲ ಮಾಡಬೇಡಿ. ಪಾವತಿ ಎಂಟ್ರಿ ಮಾಡುವವರು ಮತ್ತು ಅದನ್ನು ಒಪ್ಪುವವರು ಬೇರೆಯೇ ಇರಬೇಕು. ಕ್ಲೋಸಿಂಗ್ ಗಡಿಬಿಡಿಯಲ್ಲಿ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಕೊಡುವುದು, ಒಟಿಪಿ ಫೋನಿನಲ್ಲಿ ಹೇಳುವುದು ಸಲೀಸಾಗಿ ನಡೆದುಬಿಡುತ್ತದೆ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ, ತಪ್ಪಿಲ್ಲದ ಹುಡುಗನೊಬ್ಬ ಅನುಮಾನಕ್ಕೆ ಸಿಕ್ಕಿಕೊಳ್ಳುತ್ತಾನೆ.

ತಂಡ ದಣಿದಿದೆಯಾ ಅನ್ನುವುದನ್ನು ಮುಖ ನೋಡಿ ತಿಳಿಯಲು ಹೋಗಬೇಡಿ, ಲೆಕ್ಕವೇ ಹೇಳುತ್ತದೆ. ಸಸ್ಪೆನ್ಸ್ ಖಾತೆ ವಾರದಿಂದ ವಾರಕ್ಕೆ ಬೆಳೆಯುತ್ತಿದೆಯಾ? ಒಂದೇ ಬಿಲ್ ಎರಡು ಸಲ ಹತ್ತಿದೆಯಾ? ನಿನ್ನೆ ರಾತ್ರಿ ಹಾಕಿದ ಎಂಟ್ರಿಯನ್ನು ಬೆಳಿಗ್ಗೆ ರಿವರ್ಸ್ ಮಾಡುತ್ತಿದ್ದಾರಾ? ಹಾಗಿದ್ದರೆ ಆ ರಾತ್ರಿಯ ದುಡಿಮೆಯಿಂದ ಏನೂ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇಂಥ ಬಳಲಿಕೆಗೆ ಮೂರು ಗುರುತು ಹೇಳಿತು: ಶಕ್ತಿಯೇ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೈಯಲ್ಲಿ ಕೆಲಸ ಸಾಗದಿರುವುದು. ಎರಡನೆಯದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಪ್ರಶ್ನೆ ಕೇಳುತ್ತಿದ್ದ ಹುಡುಗ ಸುಮ್ನೆ "ಆಯ್ತು ಸರ್" ಅನ್ನಲು ಶುರು ಮಾಡಿದರೆ ಅವನ ಹತ್ತಿರ ಅವತ್ತೇ ಕೂತು ಮಾತಾಡಿ. ನಿದ್ದೆಯೇ ಹತ್ತುತ್ತಿಲ್ಲ ಅಂದರೆ ಡಾಕ್ಟರನ್ನು ಕಾಣಲು ಬಿಡುವು ಕೊಡಿ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕೊನೇ ವಾರ ಒಂದೆರಡು ದಿನ ತಡವಾಗುವುದು ತಪ್ಪದು. ಯಾವ ದಿನ ಅಂತ ಮೊದಲೇ ಹೇಳಿ, ಮನೆಗೆ ಹೋಗಲು ಗಾಡಿ ಗೊತ್ತುಮಾಡಿ. ಓವರ್‌ಟೈಮ್ ದುಡ್ಡು ಕೊಡಬೇಕಿದ್ದರೆ ಕೊಡಿ. ಬದಲಿ ರಜೆಯನ್ನು "ಆಮೇಲೆ ನೋಡೋಣ" ಅನ್ನದೆ, ಏಪ್ರಿಲ್ 22ರ ನಂತರ ಯಾರಿಗೆ ಯಾವ ದಿನ ಅಂತ ಈಗಲೇ ಬರೆದು ಮಾಲೀಕರ ಸಹಿ ಹಾಕಿಸಿ. ಮೊದಲ ಹೆಸರು ಮೇಡಂದೇ ಇರಲಿ. ಕೆಲಸ ಬೇಗ ಮುಗಿಸಿದವರಿಗೆ ಮತ್ತೊಬ್ಬರದನ್ನು ಕೊಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಅವರು ಮನೆಗೆ ಹೋಗಲಿ. ಇಲ್ಲದಿದ್ದರೆ ಮುಂದಿನ ವರ್ಷ ಯಾರೂ ಬೇಗ ಮುಗಿಸುವುದಿಲ್ಲ, ಅಲ್ವಾ?

ಇಷ್ಟೆಲ್ಲ ಮಾಡಿದರೂ ಸಾಲದೆ ಇರಬಹುದು. ಜೂನ್‌ನಲ್ಲಿ ಇದೇ ಪಟ್ಟಿ ಮತ್ತೆ ಬರೆಯಿರಿ. ಕ್ಲೋಸಿಂಗ್ ಇಲ್ಲದ ತಿಂಗಳಲ್ಲೂ ಮೇಡಂ ಮುಂದೆ 240 ಗಂಟೆ ಬಂದರೆ ನಿಮಗೆ ಹಂಚಿಕೆಯ ತೊಂದರೆ ಇಲ್ಲ, ಒಬ್ಬರು ಕಡಿಮೆ ಇದ್ದಾರೆ. ಆಗ ಆ ಹಾಳೆ ಹಿಡಿದು ಮಾಲೀಕರ ಹತ್ತಿರ ಹೋಗಿ ಏಳನೆಯವರನ್ನು ಕೇಳಿ. ಜುಲೈನಲ್ಲಿ ಸೇರಿದವರು ಮಾರ್ಚ್ ಹೊತ್ತಿಗೆ ಕೆಲಸ ಕಲಿತಿರುತ್ತಾರೆ.